ಅಪ್ಪ ವಿಲ್ ಬರೆದಿಲ್ಲ, ಈಗ ಯಾವ ಕಾಗದ ಮಾಡಿಸಬೇಕು?

"ಅಪ್ಪ ತೀರಿಕೊಂಡು ಎಂಟು ತಿಂಗಳಾಯ್ತು. ವಿಲ್ ಇಲ್ಲ. ಊರಿನಲ್ಲಿ ಅವರೇ ಕಟ್ಟಿಸಿದ ಮನೆ, ಬ್ಯಾಂಕಿನಲ್ಲಿ 6 ಲಕ್ಷದ ಎಫ್‌ಡಿ, ಡಿಮ್ಯಾಟ್‌ನಲ್ಲಿ ಸುಮಾರು 22 ಲಕ್ಷದ ಷೇರು, ಗೆಳೆಯರಿಗೆ ಪ್ರೊನೋಟಿನ ಮೇಲೆ ಕೊಟ್ಟ 4 ಲಕ್ಷ ಸಾಲ ಇದೆ. ಯಾವುದಕ್ಕೂ ನಾಮಿನಿ ಇಲ್ಲ. ಮನೆಯಲ್ಲಿ ಅಮ್ಮ, ನಾನು, ತಂಗಿ, ಅಜ್ಜಿ ಇದ್ದೇವೆ. ಒಬ್ಬರು ವಾರಸುದಾರರ ಪ್ರಮಾಣಪತ್ರ ಸಾಕು ಅಂತಾರೆ, ಒಬ್ಬರು ಸಕ್ಸೆಶನ್ ಸರ್ಟಿಫಿಕೇಟ್ ಅಂತಾರೆ, ಮಾವ ಪ್ರೊಬೇಟ್ ಬೇಕು ಅಂತಾರೆ. ಯಾರ ಮಾತು ಕೇಳಲಿ?" – ಓದುಗರು, ತುಮಕೂರು ಜಿಲ್ಲೆ

ಮೊದಲು ಮಾವನವರ ಮಾತನ್ನು ಬಿಟ್ಟುಬಿಡಿ. ಪ್ರೊಬೇಟ್ ಅಂದರೆ 'ಈ ವಿಲ್ ಅಸಲಿ' ಅಂತ ಕೋರ್ಟು ಮುದ್ರೆ ಹಾಕಿ ಕೊಡುವುದು. ವಿಲ್ಲೇ ಇಲ್ಲ ಅಂದಮೇಲೆ ಪ್ರೊಬೇಟ್ ಎಲ್ಲಿಂದ ಬರಬೇಕು? ಆದರೆ ಇಲ್ಲ ಅನ್ನುವ ಮೊದಲು ಅಪ್ಪನ ಬೀರು, ಲಾಕರು, ಹಳೇ ಡೈರಿ ಎಲ್ಲಾ ಒಮ್ಮೆ ಸರಿಯಾಗಿ ನೋಡಿ. ಬಿಳಿ ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿಗಳು ಸಹಿ ಹಾಕಿದ್ದರೂ ಅದು ವಿಲ್ಲೇ, ರಿಜಿಸ್ಟರ್ ಆಗಲೇಬೇಕು ಅಂತೇನಿಲ್ಲ. ಮುಂಬೈ, ಚೆನ್ನೈ, ಕೋಲ್ಕತ್ತಾ ಕಡೆ ಹಿಂದೂಗಳ ವಿಲ್ಲಿಗೆ ಬಹಳ ಕಾಲ ಪ್ರೊಬೇಟ್ ಕಡ್ಡಾಯವಾಗಿತ್ತು. ನಮ್ಮ ಕಡೆ ಹಾಗಿರಲಿಲ್ಲ. ಮಾವನವರು ಅಲ್ಲಿನ ಮಾತನ್ನು ಕೇಳಿರಬೇಕು.

ಉಳಿದದ್ದು ಎರಡು ಕಾಗದ. ವಾರಸುದಾರರ ಪ್ರಮಾಣಪತ್ರ, ನಮ್ಮಲ್ಲಿ ವಂಶವೃಕ್ಷ ಅಂತ ಜಾಸ್ತಿ ಹೇಳುತ್ತೇವೆ, ಕಂದಾಯ ಇಲಾಖೆ ಕೊಡುವಂಥದ್ದು. ನಾಡಕಚೇರಿಯಲ್ಲಿ ಮರಣ ಪ್ರಮಾಣಪತ್ರ, ಆಧಾರ್, ಅಫಿಡವಿಟ್ ಇಟ್ಟು ಅರ್ಜಿ ಕೊಟ್ಟರೆ, ಸ್ಥಳೀಯ ಅಧಿಕಾರಿ ವಿಚಾರಿಸಿ ವರದಿ ಹಾಕುತ್ತಾರೆ. ತೀರಿಕೊಂಡವರಿಗೆ ಇಂತಿಂಥವರು ಇದ್ದಾರೆ ಅಂತ ಅದು ಹೇಳುತ್ತದೆ, ಅಷ್ಟೇ. ಯಾರಿಗೆ ಎಷ್ಟು ಪಾಲು ಅಂತ ಹೇಳುವುದಿಲ್ಲ. ಸಕ್ಸೆಶನ್ ಸರ್ಟಿಫಿಕೇಟ್ ಸಿವಿಲ್ ಕೋರ್ಟಿನದು, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ಬರುತ್ತದೆ. ಅದು ಸತ್ತವರಿಗೆ ಬರಬೇಕಾದ ಹಣ ಮತ್ತು ಷೇರು, ಬಾಂಡುಗಳಿಗೆ ಮಾತ್ರ. ಮನೆ, ಸೈಟು, ಜಮೀನು ಅದರೊಳಗೆ ಬರುವುದೇ ಇಲ್ಲ. ಅದನ್ನು ನೋಡಿ ದುಡ್ಡು ಕೊಟ್ಟವರಿಗೆ ಕಾನೂನಿನ ರಕ್ಷಣೆ ಇದೆ, ನಾಳೆ ಇನ್ನೊಬ್ಬ ವಾರಸುದಾರ ಬಂದು ಅವರನ್ನು ಕೇಳುವ ಹಾಗಿಲ್ಲ. ಹಾಗಂತ ಸರ್ಟಿಫಿಕೇಟು ಯಾರ ಹೆಸರಿಗೆ ಇದೆಯೋ ಹಣವೆಲ್ಲ ಅವರದ್ದು ಅಂತಲ್ಲ. ಅವರು ಪಡೆದು ಉಳಿದವರಿಗೆ ಹಂಚಬೇಕು.

ಮೊದಲು ವಂಶವೃಕ್ಷ ಮಾಡಿಸಿ, ಅದು ಎಲ್ಲದಕ್ಕೂ ಬೇಕು. ಮಾಡಿಸುವಾಗ ಒಂದು ವಿಷಯ ದಯವಿಟ್ಟು ನೋಡಿಕೊಳ್ಳಿ. ನೀವು ಅಜ್ಜಿ ಅಂದಿದ್ದು ಅಪ್ಪನ ತಾಯಿಯನ್ನೇ ಆದರೆ, ಅವರೂ ವಾರಸುದಾರರೇ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸು ವಿಲ್ ಬರೆಯದೆ ಸತ್ತರೆ ಹೆಂಡತಿ, ಮಕ್ಕಳ ಜೊತೆ ತಾಯಿಗೂ ಸಮಪಾಲು ಇದೆ. ಅಪ್ಪನ ಸ್ವಂತ ಸಂಪಾದನೆ ಅಂದರೆ ನಿಮ್ಮಲ್ಲಿ ನಾಲ್ಕು ಪಾಲು, ಒಬ್ಬೊಬ್ಬರಿಗೆ ಕಾಲುಭಾಗ. ಬಹಳ ಮನೆಗಳಲ್ಲಿ 'ಹೆಂಡತಿ, ಮಕ್ಕಳು' ಅಂತ ಬರೆಸಿ ತಾಯಿಯನ್ನು ಬಿಟ್ಟುಬಿಡುತ್ತಾರೆ. ನಮ್ಮ ನೆಂಟರ ಮನೆಯಲ್ಲೇ ಹೀಗಾಗಿತ್ತು. ಮನೆ ಮಾರಲು ಹೋದಾಗ ಕೊಳ್ಳುವವರ ವಕೀಲರು ಹಳೇ ಪಡಿತರ ಚೀಟಿಯಲ್ಲಿ ಅಜ್ಜಿಯ ಹೆಸರು ನೋಡಿ ಕಾಗದವನ್ನು ಪಕ್ಕಕ್ಕಿಟ್ಟರು. ಅಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಿದ್ದರು. ಅವರ ಪಾಲು ಅವರ ಉಳಿದ ಮಕ್ಕಳಿಗೂ ಇಳಿದಿತ್ತು, ಅಂದರೆ ಚಿಕ್ಕಪ್ಪ, ಅತ್ತೆಯರೆಲ್ಲರ ಸಹಿ ಬೇಕಾಯಿತು. ನಿಮ್ಮ ಅಜ್ಜಿ ಇದ್ದಾರೆ. ಅವರು ಮನಸಾರೆ ತಮ್ಮ ಪಾಲು ಬಿಡುತ್ತೇನೆ ಅಂದರೆ ಮನೆಗೆ ಸಂಬಂಧಿಸಿ ಹಕ್ಕು ಬಿಡುಗಡೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಬಹುದು. ಬೇಡ ಅಂದರೆ ಅದು ಅವರ ಪಾಲು, ಒತ್ತಾಯ ಮಾಡಬೇಡಿ.

ಮನೆಗೆ ಇಷ್ಟು ಸಾಕು: ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಪಂಚಾಯಿತಿ ಅಥವಾ ಪುರಸಭೆಯಲ್ಲಿ ನಾಲ್ವರ ಹೆಸರಿಗೂ ಖಾತೆ ಮಾಡಿಸಿ. ಜಮೀನಾಗಿದ್ದರೆ ಇದನ್ನೇ ಪೌತಿ ಖಾತೆ ಅನ್ನುತ್ತಿದ್ದೆವು. ಖಾತೆ ಆಯ್ತು ಅಂದರೆ ಒಬ್ಬರೇ ಮಾಲೀಕರು ಅಂತಲ್ಲ, ನೆನಪಿರಲಿ. ಒಬ್ಬರ ಹೆಸರಿಗೇ ಬರಬೇಕು ಅಂದರೆ ರಿಜಿಸ್ಟರ್ ಆದ ವಿಭಾಗ ಪತ್ರವೋ ಬಿಡುಗಡೆ ಪತ್ರವೋ ಬೇಕೇ ಬೇಕು.

ಎಫ್‌ಡಿಗೂ ಕೋರ್ಟು ಬೇಕಾಗಲಾರದು. ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನದಂತೆ ನಾಮಿನಿ ಇಲ್ಲದಿದ್ದರೂ 15 ಲಕ್ಷದವರೆಗೆ (ಸಹಕಾರಿ ಬ್ಯಾಂಕಾದರೆ 5 ಲಕ್ಷ) ಬ್ಯಾಂಕು ಸರಳ ವಿಧಾನದಲ್ಲೇ ಕೊಡಬೇಕು. ಎಲ್ಲ ವಾರಸುದಾರರ ಒಪ್ಪಿಗೆ, ಇಂಡೆಮ್ನಿಟಿ ಬಾಂಡ್ ಕೇಳುತ್ತಾರೆ, ಇಲ್ಲೂ ಅಜ್ಜಿಯ ಸಹಿ ಬೇಕು. ಕೌಂಟರಿನಲ್ಲಿ ಸುಮ್ನೆ 'ಸಕ್ಸೆಶನ್ ತನ್ನಿ' ಅಂದರೆ, ಯಾವ ನಿಯಮದ ಪ್ರಕಾರ ಅಂತ ಬರಹದಲ್ಲಿ ಕೇಳಿ. ನಿಮ್ಮದು ಸಹಕಾರಿ ಬ್ಯಾಂಕಾದರೆ ಮಾತ್ರ 6 ಲಕ್ಷ ಮಿತಿ ದಾಟುತ್ತದೆ. ಬ್ಯಾಂಕುಗಳು ತಮ್ಮ ಮಿತಿಯನ್ನು ಇನ್ನೂ ಮೇಲೆ ಇಟ್ಟಿರಲೂಬಹುದು, ಆದ್ದರಿಂದ ಅದನ್ನು ಮೊದಲು ವಿಚಾರಿಸಿ.

ಈಗ ನಿಮ್ಮ ಪಟ್ಟಿಯಲ್ಲಿ ನನಗೆ ಆತಂಕ ತಂದಿರುವ ವಿಷಯ, ಆ ಪ್ರೊನೋಟು. ಗೆಳೆಯರು ತಾವಾಗಿ ಕೊಟ್ಟರೆ ಯಾವ ತಕರಾರೂ ಇಲ್ಲ. ಕೊಡದಿದ್ದರೆ ದಾವೆ ಹಾಕಬೇಕು, ಮತ್ತು ಸತ್ತವರ ಸಾಲ ವಸೂಲಿಗೆ ಸಕ್ಸೆಶನ್ ಸರ್ಟಿಫಿಕೇಟ್ ಅಥವಾ ಅಂಥದ್ದೇ ಕೋರ್ಟಿನ ಕಾಗದ ಇಲ್ಲದೆ ಡಿಕ್ರಿ ಆಗುವುದಿಲ್ಲ, 1925ರ ಕಾಯ್ದೆಯ 214ನೇ ಸೆಕ್ಷನ್ ಹಾಗೆ ಹೇಳುತ್ತದೆ. ವಂಶವೃಕ್ಷ ಇಲ್ಲಿ ನಡೆಯುವುದಿಲ್ಲ. 'ಕೇಳಿದಾಗ ಕೊಡುತ್ತೇನೆ' ಅಂತ ಬರೆದ ಪ್ರೊನೋಟಿಗೆ ಅದರ ತಾರೀಖಿನಿಂದ 3 ವರ್ಷ ಮಾತ್ರ ವಾಯಿದೆ. ಅಪ್ಪ ಹೋದರು ಅಂತ ಅದು ನಿಲ್ಲುವುದಿಲ್ಲ. ಇವತ್ತೇ ನೋಟು ತೆಗೆದು ತಾರೀಖು ನೋಡಿ. ಮೂರು ವರ್ಷ ಆಗುವ ಮೊದಲು ಗೆಳೆಯರು 'ಇಷ್ಟು ಸಾಲ ಬಾಕಿ ಇದೆ' ಅಂತ ಬರೆದು ಸಹಿ ಹಾಕಿ, ತಾರೀಖೂ ಹಾಕಿಕೊಟ್ಟರೆ ಆ ದಿನದಿಂದ ಹೊಸದಾಗಿ ಎಣಿಕೆ ಶುರುವಾಗುತ್ತದೆ. ಅದಕ್ಕೂ ಒಪ್ಪದಿದ್ದರೆ ಸರ್ಟಿಫಿಕೇಟ್ ಬರಲಿ ಅಂತ ಕಾಯಬೇಡಿ. ದಾವೆ ಹಾಕಿಬಿಡಿ, ಸರ್ಟಿಫಿಕೇಟನ್ನು ಡಿಕ್ರಿಗೆ ಮೊದಲು ಹಾಜರುಪಡಿಸಿದರೆ ಆಯಿತು. ವಕೀಲರೊಂದಿಗೆ ಮೊದಲು ಮಾತಾಡಬೇಕಾದ್ದು ಇದನ್ನೇ.

ಸಕ್ಸೆಶನ್ ಸರ್ಟಿಫಿಕೇಟಿಗೆ ಅರ್ಜಿ ಹಾಕುವುದು ಅಪ್ಪ ಕೊನೆಗೆ ವಾಸವಿದ್ದ ಊರಿನ ವ್ಯಾಪ್ತಿಯ ಕೋರ್ಟಿನಲ್ಲಿ. ಉಳಿದ ವಾರಸುದಾರರಿಗೆ ನೋಟಿಸು ಹೋಗುತ್ತದೆ, ಸಾಮಾನ್ಯವಾಗಿ ಪತ್ರಿಕೆಯಲ್ಲೂ ಪ್ರಕಟಣೆ ಹಾಕಿಸುತ್ತಾರೆ, ಯಾರೂ ತಕರಾರು ಮಾಡದಿದ್ದರೂ ಕೆಲವು ತಿಂಗಳು ಹಿಡಿಯುತ್ತದೆ. ಅರ್ಜಿಯ ಷೆಡ್ಯೂಲಿನಲ್ಲಿ ಬರೆದ ಮೊತ್ತದ ಮೇಲೆ ಕೋರ್ಟ್ ಫೀ ಬೀಳುತ್ತದೆ. ಹಾಗಾಗಿ 'ಎಲ್ಲಾ ಒಟ್ಟಿಗೆ ಹಾಕಿಬಿಡೋಣ' ಅಂದರೆ ಸುಮ್ಮನಿರಬೇಡಿ. ಎಫ್‌ಡಿಯನ್ನು ಅದರಲ್ಲಿ ಬರೆದರೆ ವಂಶವೃಕ್ಷದಲ್ಲೇ ಸಿಗುವ ಹಣಕ್ಕೆ ಫೀ ಕಟ್ಟಿದ ಹಾಗೆ. ಬಿಟ್ಟುಹೋದದ್ದನ್ನು ಆಮೇಲೆ ಅರ್ಜಿ ಹಾಕಿ ಸೇರಿಸಿಕೊಳ್ಳಲು ಅವಕಾಶ ಇದೆ.

ಷೇರಿನದು ಎಫ್‌ಡಿ, ಪ್ರೊನೋಟು ಈ ಎರಡರ ನಡುವೆ ಬರುತ್ತದೆ. ನಾಮಿನಿ ಇಲ್ಲದ ಡಿಮ್ಯಾಟಿಗೆ ಸೆಬಿ 15 ಲಕ್ಷದವರೆಗೆ ಸರಳ ದಾರಿ ಇಟ್ಟಿದೆ, ನಿಮ್ಮದು 22 ಇದೆ. ಆದರೂ ತಹಶೀಲ್ದಾರರು ಕೊಟ್ಟ ವಾರಸುದಾರರ ಪ್ರಮಾಣಪತ್ರ, ಇಂಡೆಮ್ನಿಟಿ, ಎಲ್ಲರ ಒಪ್ಪಿಗೆ ಇದ್ದರೆ ಒಪ್ಪುತ್ತೀರಾ ಅಂತ ಡಿಮ್ಯಾಟ್ ಇರುವ ಸಂಸ್ಥೆಗೆ ಇಮೇಲ್ ಮಾಡಿ ಉತ್ತರ ತರಿಸಿಕೊಳ್ಳಿ. ಹೂಂ ಅಂದರೆ ಷೆಡ್ಯೂಲಿನಲ್ಲಿ ಪ್ರೊನೋಟಿನ 4 ಲಕ್ಷ ಮಾತ್ರ ಇರಲಿ. ಇಲ್ಲ ಅಂದರೆ ಹೇಗೂ ಕೋರ್ಟಿಗೆ ಹೋಗುತ್ತಿದ್ದೀರಲ್ಲ, ಅದೇ ಅರ್ಜಿಯಲ್ಲಿ ಷೇರುಗಳ ಹೆಸರು, ಸಂಖ್ಯೆ, ಡಿಮ್ಯಾಟ್ ನಂಬರು ಎಲ್ಲಾ ಸ್ಟೇಟ್‌ಮೆಂಟಿನಲ್ಲಿ ಇರುವ ಹಾಗೇ ಬರೆಸಿ. ಒಂದು ಅಂಕಿ ತಪ್ಪಿದರೂ ಆ ಸಂಸ್ಥೆಯವರು ತಿದ್ದಿಸಿಕೊಂಡು ಬನ್ನಿ ಅಂತ ಕೋರ್ಟಿಗೇ ವಾಪಸು ಕಳಿಸುತ್ತಾರೆ.

– ಸಂಪಾದಕ