ಹುಟ್ಸ್‌ಪಾ: ಬೈಗುಳವೇ ಹೊಗಳಿಕೆಯಾದಾಗ

ಪ್ರಶ್ನೆ: ಇಂಗ್ಲಿಷಿನಲ್ಲಿ ಬಳಸುವ ಹುಟ್ಸ್‌ಪಾ, ಶ್ಲೆಪ್ ಮುಂತಾದ ಯಿಡ್ಡಿಷ್ ಪದಗಳಿಗೆ ಮೂಲದಲ್ಲಿ ಏನರ್ಥ?

ಉತ್ತರ: ಹುಟ್ಸ್‌ಪಾ ಹೀಬ್ರೂವಿನಿಂದ ಯುರೋಪಿನ ಯಹೂದಿಗಳ ಆಡುಭಾಷೆಯಾದ ಯಿಡ್ಡಿಷ್‌ಗೆ ಬಂದ ಪದ. ಅಲ್ಲಿ ಅದು ಬೈಗುಳವೇ: ಉದ್ಧಟತನ, ನಾಚಿಕೆಗೇಡಿತನ. ಇದನ್ನು ವಿವರಿಸಲು ಯಹೂದಿಗಳು ಒಂದು ಹಳೆಯ ಕಥೆ ಹೇಳುತ್ತಾರೆ. ತಂದೆತಾಯಿಯನ್ನು ಕೊಂದವನೊಬ್ಬ ನ್ಯಾಯಾಧೀಶರ ಮುಂದೆ ನಿಂತು, ‘ನಾನು ಅನಾಥ, ಕರುಣೆ ತೋರಿಸಿ’ ಎಂದು ಬೇಡಿಕೊಂಡನಂತೆ. ಅದು ಹುಟ್ಸ್‌ಪಾ.

ಅಮೆರಿಕದ ಇಂಗ್ಲಿಷಿನಲ್ಲಿ ಈ ಪದಕ್ಕೆ ಮೆಚ್ಚುಗೆಯೂ ಅಂಟಿಕೊಂಡಿತು. ದುಡ್ಡು, ಅನುಭವ ಎರಡೂ ಇಲ್ಲದೆ ದೊಡ್ಡ ಕಂಪನಿಗೆ ಸವಾಲು ಹಾಕುವವನಿಗೆ ಹುಟ್ಸ್‌ಪಾ ಇದೆ ಎಂದರೆ ಅದು ಹೊಗಳಿಕೆ. ನಮ್ಮ ‘ಭಂಡಧೈರ್ಯ’ ಇದಕ್ಕೆ ತುಂಬ ಹತ್ತಿರ ಎಂದು ನನಗನಿಸುತ್ತದೆ, ಭಂಡತನ ಧೈರ್ಯ ಎರಡೂ ಅದರಲ್ಲಿವೆಯಲ್ಲ. ಹಿರಿಯ ಯಿಡ್ಡಿಷ್ ಭಾಷಿಕರ ಎದುರು ಮಾತ್ರ ಎಚ್ಚರವಿರಲಿ, ಅವರ ಕಿವಿಗೆ ಬೈದಂತೆಯೇ ಕೇಳಿಸಬಹುದು. ಕಾಗುಣಿತ ‘ಸಿಎಚ್’ನಿಂದ ಶುರುವಾದರೂ ಉಚ್ಚಾರ ‘ಚ’ ಅಲ್ಲ, ಗಂಟಲಿನಿಂದ ಉಜ್ಜಿ ಬರುವ ‘ಹ’.

ಶ್ಲೆಪ್‌ನ ಮೂಲ ‘ಶ್ಲೆಪ್ನ್’ ಎಂದರೆ ಎಳೆ, ಎಳೆದೊಯ್ಯಿ, ಅಷ್ಟೇ. ಜರ್ಮನ್‌ನ ‘ಶ್ಲೆಪ್ಪೆನ್’ ಇದರ ಬಂಧು. ಇಂಗ್ಲಿಷಿನಲ್ಲಿ ಗೊಣಗಾಟವೇ ಮುಂದಾಗಿದೆ. ಭಾರದ ಚೀಲ ಹೊತ್ತು ಮೂರು ಬಸ್ಸು ಬದಲಿಸಿ ಹೋಗುವ ಸಾಕುಸಾಕಾಗುವ ಪ್ರಯಾಣವೂ ಅವರಿಗೆ ‘ಶ್ಲೆಪ್’.