ಪೌನೇ ಚಾರ್ ಎಂದರೆ ಎಷ್ಟು ಗಂಟೆ?

*ಸಂಪಾದಕರೇ, ನಾನು ಸರ್ಕಾರಿ ಸ್ವಾಮ್ಯದ ಬ್ಯಾಂಕೊಂದರ ಸಾಲ ವಿಭಾಗದ ಅಧಿಕಾರಿ. ಹಾಸನದ ಕಡೆಯವಳು. ಏಳು ತಿಂಗಳ ಹಿಂದೆ ಭೋಪಾಲಕ್ಕೆ ವರ್ಗವಾಯಿತು. ಇಲ್ಲಿ ಸೋಮವಾರದ ಸಭೆ ಪೂರ್ತಿ ಹಿಂದಿಯಲ್ಲಿ ನಡೆಯುತ್ತದೆ. ಕಳೆದ ತಿಂಗಳು, ದಾಸ್ತಾನಿನ ಆಧಾರದ ಮೇಲೆ ಸಾಲ ಕೊಡುವ ಒಂದು ಕ್ಯಾಷ್ ಕ್ರೆಡಿಟ್ ಖಾತೆಯ ಮಾತು ಬಂತು. ಮಿತಿ 50 ಲಕ್ಷ, ಪೂರ್ತಿ ತೆಗೆದಿದ್ದಾರೆ. ಮಾರ್ಜಿನ್, ಅಂದರೆ ದಾಸ್ತಾನಿನ ಬೆಲೆಯಲ್ಲಿ ಸಾಲ ಕೊಡದೆ ಬಿಡುವ ಪಾಲು, ಶೇ. 25. ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ 80 ಲಕ್ಷದ ದಾಸ್ತಾನು ತೋರಿಸಿದ್ದರು. ಅದರಲ್ಲಿ 30 ಲಕ್ಷದ ಸರಕಿಗೆ ಅವರಿನ್ನೂ ಹಣವನ್ನೇ ಕೊಟ್ಟಿರಲಿಲ್ಲ. ಗಿರಾಕಿಗಳಿಂದ ಬರಬೇಕಾದದ್ದು ಏನೂ ಇರಲಿಲ್ಲ. ಹೀಗಿರುವಾಗ ಅಷ್ಟು ಹಣ ತೆಗೆಯುವಂತಿಲ್ಲ ಎಂಬುದು ನನಗೆ ಮೊದಲೇ ಗೊತ್ತಿತ್ತು. ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಮಾತು ಮುಂದೆ ಹೋಯಿತು. ಎರಡು ಸಲ ಬಾಯಿ ತೆರೆದೆ, ನಡುವೆಯೇ ಕಡಿದರು. ಐದು ನಿಮಿಷದ ಮೇಲೆ ಸಹೋದ್ಯೋಗಿಯೊಬ್ಬರು ಅದನ್ನೇ ಹೇಳಿ ಭೇಷ್ ಅನ್ನಿಸಿಕೊಂಡರು. ನಾನು ‘ಮೈ ಭೀ ವಹೀ ಕಹ್ ರಹಾ ಥಾ’ ಎಂದೆ. ಎಲ್ಲರೂ ನಕ್ಕರು. ಯಾಕೆ ನಕ್ಕರೆಂದು ಇಂದಿಗೂ ತಿಳಿಯದು. ಶಾಲೆಯಲ್ಲಿ ಹಿಂದಿ ಓದಿದವಳು ನಾನು. ಏನು ಮಾಡಲಿ?*

*— ಒಬ್ಬ ಓದುಗರು, ಭೋಪಾಲ್*

ನಗುವಿನಿಂದಲೇ ಶುರುಮಾಡೋಣ, ಅದು ಎಲ್ಲಕ್ಕಿಂತ ಸಣ್ಣದು. ಕನ್ನಡದಲ್ಲಿ ‘ಹೇಳುತ್ತಿದ್ದೆ’ ಎಂದರೆ ಹೇಳಿದವರು ಗಂಡೋ ಹೆಣ್ಣೋ ಎಂಬುದು ಕ್ರಿಯಾಪದದಿಂದ ತಿಳಿಯುವುದಿಲ್ಲ. ಹಿಂದಿಯಲ್ಲಿ ‘ನಾನು’ ಎಂದು ಮಾತಾಡುವಾಗಲೂ ಲಿಂಗ ಬಂದು ಕೂರುತ್ತದೆ. ನೀವು ಹೇಳಬೇಕಾಗಿದ್ದದ್ದು ‘ಕಹ್ ರಹೀ ಥೀ’. ಸುತ್ತಲಿನ ಗಂಡಸರು ಆಡುವ ಹಿಂದಿಯನ್ನು ಕಿವಿಯಿಂದ ಕಲಿತ ಹೆಂಗಸರಲ್ಲಿ ಅನೇಕರು ಈ ತಪ್ಪನ್ನು ಮಾಡುತ್ತಾರೆ. ಕಚೇರಿಯಲ್ಲಿ ಹೆಂಗಸರೇ ಹೆಚ್ಚಿದ್ದರೆ ಗಂಡಸರು ಇದರ ತಿರುವುಮುರುವು ಮಾಡುತ್ತಾರೆ. ನಕ್ಕವರಿಗೆ ನಿಮ್ಮ ಮಾತಿನ ವಿಷಯ ತಮಾಷೆಯಾಗಿರಲಿಲ್ಲ, ಅವರ ಕಿವಿಗೆ ಬಿದ್ದದ್ದು ಹೆಣ್ಣುದನಿಯಲ್ಲಿ ಗಂಡಸಿನ ಕ್ರಿಯಾಪದ. ಅದನ್ನು ಅಲ್ಲೇ ತಿದ್ದಿ ಹೇಳುವ ಸೌಜನ್ಯ ಒಬ್ಬರಿಗಾದರೂ ಇರಬೇಕಿತ್ತು ಎಂಬುದು ಬೇರೆ ಮಾತು.

ಇನ್ನು ನಿಜವಾದ ತೊಂದರೆ. ನಿಮಗೆ ಹಿಂದಿ ಬರುವುದಿಲ್ಲ ಎಂದು ನನಗೆ ಅನ್ನಿಸುವುದಿಲ್ಲ. ಬರುವುದು ತಡವಾಗುತ್ತದೆ, ಅಷ್ಟೆ. ಆ ತಡ ಎಷ್ಟು ಸಣ್ಣದು ಎಂದು ತಿಳಿದರೆ ಆಶ್ಚರ್ಯಪಡುತ್ತೀರಿ. ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು ನೋಡಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಬ್ಬರು ಪ್ರಶ್ನೆ ಕೇಳಿ ಮುಗಿಸಿ ಇನ್ನೊಬ್ಬರು ಉತ್ತರ ಶುರುಮಾಡುವುದರ ನಡುವಿನ ಬಿಡುವು ಸರಾಸರಿ ಒಂದು ಸೆಕೆಂಡಿನ ಐದನೆಯ ಒಂದು ಭಾಗದ ಆಸುಪಾಸಿನಲ್ಲಿತ್ತು. ಆದರೆ ಚಿತ್ರದಲ್ಲಿ ಕಂಡ ವಸ್ತುವಿನ ಹೆಸರನ್ನು ಸ್ವಂತ ಭಾಷೆಯಲ್ಲಿ ಹೇಳುವುದಕ್ಕೇ ಮನುಷ್ಯನಿಗೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಅಂದರೆ ಎದುರಿನವರು ಮಾತು ಮುಗಿಸುವ ಮೊದಲೇ ಕೇಳುತ್ತಿರುವವರು ತಮ್ಮ ಮಾತನ್ನು ಸಿದ್ಧಮಾಡಿಕೊಂಡಿರುತ್ತಾರೆ. ನಿಮಗೆ ಹಾಗೆ ಮಾಡಲಾಗುವುದಿಲ್ಲ. ಅವರ ಮಾತನ್ನು ಅರ್ಥಮಾಡಿಕೊಳ್ಳುವುದರಲ್ಲೇ ನಿಮ್ಮ ಗಮನವೆಲ್ಲ ಖರ್ಚಾಗಿರುತ್ತದೆ. ಮುಗಿಯಿತು ಎಂದು ತಿಳಿದ ಮೇಲೆ ಉತ್ತರವನ್ನು ಕನ್ನಡದಲ್ಲಿ ಯೋಚಿಸಿ, ಹಿಂದಿಗೆ ತಿರುಗಿಸಿ, ಲಿಂಗ ಸರಿಯಿದೆಯೇ ಎಂದು ನೋಡಿಕೊಳ್ಳುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಮುಚ್ಚಿದವರಲ್ಲಿ ಯಾರಿಗೂ ದುರುದ್ದೇಶ ಇರಬೇಕಿಲ್ಲ.

ಬ್ಯಾಂಕಿನ ಸಭೆಯಲ್ಲಿ ಈ ತಡವನ್ನು ಇನ್ನಷ್ಟು ಬೆಳೆಸುವುದು ಅಂಕಿಗಳು. ಇದನ್ನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ಹರೆಯದಲ್ಲಿ ನಾನು ದೆಹಲಿಯ ಒಂದು ಪತ್ರಿಕಾ ಕಚೇರಿಯಲ್ಲಿದ್ದೆ. ಪತ್ರಿಕಾಗೋಷ್ಠಿ ‘ಪೌನೇ ಚಾರ್ ಬಜೇ’ ಎಂದು ಹೇಳಿ ಕಳಿಸಿದರು. ಚಾರ್ ಎಂದರೆ ನಾಲ್ಕು, ಪೌನ ಎಂದರೆ ಮುಕ್ಕಾಲು, ಸರಿ, ನಾಲ್ಕೂಮುಕ್ಕಾಲು ಎಂದು ಲೆಕ್ಕ ಹಾಕಿ ಐದು ನಿಮಿಷ ಮುಂಚಿತವಾಗಿಯೇ ಹೋದೆ. ಕುರ್ಚಿಗಳನ್ನು ಜೋಡಿಸಿ ಎತ್ತಿಡುತ್ತಿದ್ದರು. ನಾವು ಮೂರರ ಮೇಲೆ ಮುಕ್ಕಾಲು ಸೇರಿಸಿ ಮೂರೂಮುಕ್ಕಾಲು ಎನ್ನುತ್ತೇವೆ. ಹಿಂದಿಯವರು ನಾಲ್ಕರಿಂದ ಕಾಲು ಕಳೆದು ಪೌನೇ ಚಾರ್ ಎನ್ನುತ್ತಾರೆ. (ಮರಾಠಿ ಬಲ್ಲ ಬೆಳಗಾವಿಯ ಮಿತ್ರರು ಈ ಕಥೆ ಕೇಳಿ ನನ್ನನ್ನೇ ನೋಡಿ ನಕ್ಕಿದ್ದರು.) ಒಂದೂವರೆಗೆ ಡೇಢ್, ಎರಡೂವರೆಗೆ ಢಾಯೀ ಎಂಬ ಒಂಟಿ ಪದಗಳು, ಮೂರೂವರೆಯಿಂದ ಮೇಲಕ್ಕೆ ‘ಸಾಢೇ’ ಬರುತ್ತದೆ. ಹಾಗೆಯೇ ಉನತಾಲೀಸ್ 39, ಉನಚಾಸ್ 49, ಉನಸಠ್ 59. ‘ಉನ’ ಎಂದರೆ ಮುಂದಿನ ಹತ್ತಕ್ಕೆ ಒಂದು ಕಡಿಮೆ. ಮೂವತ್ತೊಂಬತ್ತು ಎಂದು ಎಡದಿಂದ ಬಲಕ್ಕೆ ಕೂಡುತ್ತ ಬೆಳೆದ ತಲೆಗೆ ಇದು ಹಿಮ್ಮುಖ ನಡಿಗೆ.

ಇಡೀ ಹಿಂದಿಯನ್ನು ಒಮ್ಮೆಗೇ ಸುಧಾರಿಸಲು ಹೊರಡಬೇಡಿ. ಮೊದಲು ಒಂದರಿಂದ ನೂರರವರೆಗಿನ ಅಂಕಿಗಳನ್ನೂ ಈ ಕಾಲು, ಅರೆ, ಮುಕ್ಕಾಲುಗಳನ್ನೂ ಕೇಳಿದೊಡನೆ ಕಾಗದದ ಮೇಲೆ ಬರೆಯುವಂತಾಗಿ. ಯಾರಾದರೊಬ್ಬರು ಅಡ್ಡಾದಿಡ್ಡಿಯಾಗಿ ಹೇಳಲಿ, ನೀವು ಬರೆಯಿರಿ, ದಿನಕ್ಕೆ ಹತ್ತು ನಿಮಿಷ. ಮನಸ್ಸಿನಲ್ಲಿ ಕನ್ನಡದ ಅಂಕಿ ಹಾದುಹೋಗದೆ ಬೆರಳು ನೇರವಾಗಿ 59 ಎಂದು ಬರೆದ ದಿನ ಅದು ಕೈಗೆ ಬಂತೆಂದು ತಿಳಿಯಿರಿ. ಅಂಕಿಗೆ ಖರ್ಚಾಗುತ್ತಿದ್ದ ಗಮನ ಉಳಿದರೆ ಅದು ಮಾತಿಗೆ ಸಿಗುತ್ತದೆ.

ಈಗ ನಿಮ್ಮ ಖಾತೆಗೆ ಬರೋಣ. ನೀವು ಅದನ್ನು ಸಭೆಯಲ್ಲಿ ಹೇಗೆ ಶುರುಮಾಡಿದಿರೆಂದು ಬರೆದಿಲ್ಲ, ಆದರೆ ಊಹಿಸಬಲ್ಲೆ: ಸ್ಟಾಕ್ ಸ್ಟೇಟ್‌ಮೆಂಟ್ ನೋಡಿದೆ, ಅದರಲ್ಲಿ ಸಾಲಕ್ಕೆ ತಂದ ಸರಕೂ ಸೇರಿದೆ, ಅದನ್ನು ಕಳೆಯಬೇಕಿತ್ತು, ಆಮೇಲೆ ಮಾರ್ಜಿನ್... ನಾವು ಕಾರಣಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ತೀರ್ಮಾನವನ್ನು ಕೊನೆಗೆ ಇಡುವವರು. ಮನೆಯಲ್ಲಿ ಅದು ಚೆಂದ. ಆದರೆ ಎರಡನೆಯ ಕಾರಣದ ಹತ್ತಿರವೇ ಮಾತು ಕಡಿದುಹೋಗುವ ಕಡೆ, ತೀರ್ಮಾನ ನಿಮ್ಮ ಬಾಯಲ್ಲೇ ಉಳಿಯುತ್ತದೆ. ಆಮೇಲೆ ಅದನ್ನು ಆಡಿದವರದ್ದು ಅದು.

ಲೆಕ್ಕ ಇಷ್ಟೇ. ಹಣ ಕೊಟ್ಟ ದಾಸ್ತಾನು 50 ಲಕ್ಷ; ಅದರಲ್ಲಿ ಶೇ. 25 ಮಾರ್ಜಿನ್ ಕಳೆದರೆ ಡ್ರಾಯಿಂಗ್ ಪವರ್, ಅಂದರೆ ಆ ಖಾತೆಯಿಂದ ತೆಗೆಯಬಹುದಾದ ಹಣ, 37.5 ಲಕ್ಷ. ಶಾಖೆಯವರು ಇಡೀ 80 ಲಕ್ಷದ ಮೇಲೆ ಲೆಕ್ಕ ಹಾಕಿ 60 ಲಕ್ಷ ಎಂದುಕೊಂಡದ್ದರಿಂದ 50 ಲಕ್ಷದ ಮಿತಿ ಅವರಿಗೆ ಸುರಕ್ಷಿತವಾಗಿ ಕಂಡಿದೆ. ನಿಜದಲ್ಲಿ 12.5 ಲಕ್ಷ ಹೆಚ್ಚು ಹೋಗಿದೆ. ಹಾಗಾದರೆ ಬಾಯಿ ತೆರೆದೊಡನೆ ಬರಬೇಕಾದದ್ದು ಆ ಹನ್ನೆರಡೂವರೆ ಲಕ್ಷವೇ: ‘ಸರ್, ಇಸ್ ಖಾತೇ ಮೇ ಸಾಢೇ ಬಾರಹ್ ಲಾಖ್ ಜ್ಯಾದಾ ನಿಕಲಾ ಹುವಾ ಹೈ.’ ಇಷ್ಟು ಹೇಳಿ ಸುಮ್ಮನಾಗಿ. ‘ಕೈಸೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಿದ ಮೇಲೆ ಮಾತಿನ ಸರದಿ ನಿಮ್ಮದು. ಆಗ ನಿಧಾನವಾಗಿ, ಬೇಕಿದ್ದರೆ ಇಂಗ್ಲಿಷಿನಲ್ಲಿ ವಿವರಿಸಿದರೂ ಕೇಳುತ್ತಾರೆ. ಈ ವಾಕ್ಯದಲ್ಲಿ ‘ನಾನು’ ಇಲ್ಲ, ಹಾಗಾಗಿ ರಹಾ, ರಹೀ ಎಂಬ ಗೊಂದಲವೂ ಇಲ್ಲ. ವಾಕ್ಯವನ್ನು ಭಾನುವಾರವೇ ಬರೆದುಕೊಂಡು ನಾಲ್ಕು ಸಲ ಗಟ್ಟಿಯಾಗಿ ಹೇಳಿ ನೋಡಿ. ಸಭೆಗೆ ಇಂತಹ ಒಂದೇ ವಾಕ್ಯ ಸಾಕು.

ಇದೂ ಸಾಲದಾದೀತು ಎಂಬ ಅನುಮಾನ ನನಗಿದೆ. ಗಟ್ಟಿ ದನಿಯವರು ನಾಲ್ಕು ಜನ ಇದ್ದರೆ ಸಿದ್ಧಪಡಿಸಿದ ವಾಕ್ಯವೂ ನುಗ್ಗಲಾರದು. ಆದ್ದರಿಂದ ಸಭೆಗೆ ಮೊದಲೇ ಕಾಗದ ಹೋಗಲಿ. ಖಾತೆಯ ಹೆಸರು, 80, 30, 50, 37.5, 12.5, ಕೆಳಗೆ ನಿಮ್ಮ ಸಹಿ, ತಾರೀಖು. ಅರ್ಧ ಪುಟ. ಶನಿವಾರ ರಜೆಯಿದ್ದರೆ ಶುಕ್ರವಾರ ಸಂಜೆಯೇ ಮುಖ್ಯಸ್ಥರ ಮೇಜಿಗೆ ತಲುಪಿಸಿ, ಸೋಮವಾರದ ಕಾರ್ಯಸೂಚಿಯಲ್ಲಿ ಸೇರಿಸಿ ಎಂದು ಕೇಳಿ. ಆಗ ನೀವು ಮಾತಿನ ನಡುವೆ ನುಗ್ಗಬೇಕಿಲ್ಲ, ಅವರೇ ನಿಮ್ಮತ್ತ ತಿರುಗುತ್ತಾರೆ. ಯಾರು ಮೊದಲು ಹೇಳಿದರೆಂಬ ಪ್ರಶ್ನೆಗೂ ತಾರೀಖೇ ಉತ್ತರ. ಸಭೆಯ ನಡಾವಳಿ ಬಂದಾಗ ತೆರೆದು ನೋಡಿ. ನಿಮ್ಮ ಟಿಪ್ಪಣಿಯ ಉಲ್ಲೇಖ ಇಲ್ಲದಿದ್ದರೆ ಅದೇ ದಿನ ಎರಡು ಸಾಲಿನ ಇಮೇಲ್ ಕಳಿಸಿ, ಜಗಳದ ದನಿ ಬೇಡ.

ಈ ಟಿಪ್ಪಣಿಯನ್ನು ಹಿಂದಿಯಲ್ಲಿ ಬರೆಯಬೇಕೇ ಎಂಬ ಭಯ ಬರಬಹುದು. ಬೇಡ. ನಿಮ್ಮದು ಕೇಂದ್ರ ಸರ್ಕಾರದ ಒಡೆತನದ ಬ್ಯಾಂಕು, ಹಾಗಾಗಿ 1976ರ ರಾಜಭಾಷಾ ನಿಯಮಗಳು ನಿಮಗೂ ಅನ್ವಯಿಸುತ್ತವೆ. ಅವುಗಳ 8ನೆಯ ನಿಯಮದ ಪ್ರಕಾರ ನೌಕರರು ಕಡತದ ಟಿಪ್ಪಣಿಯನ್ನು ಹಿಂದಿಯಲ್ಲಾದರೂ ಇಂಗ್ಲಿಷಿನಲ್ಲಾದರೂ ಬರೆಯಬಹುದು. ಇನ್ನೊಂದು ಭಾಷೆಗೆ ಅನುವಾದ ಮಾಡಿಕೊಡಿ ಎಂದು ಅವರನ್ನೇ ಕೇಳುವಂತಿಲ್ಲ. ಎರಡರಲ್ಲಿ ಒಂದೇ ಭಾಷೆಯಲ್ಲಿ ಪ್ರವೀಣರಾದವರಿಗೆ ಆ ಕಾರಣಕ್ಕೆ ಹಿನ್ನಡೆ ಆಗಕೂಡದು ಎಂದು 1963ರ ಮೂಲ ಕಾಯ್ದೆಯ 3(4)ನೆಯ ಕಲಮು ಹೇಳುತ್ತದೆ. ಇದರ ಮಿತಿಯನ್ನೂ ತಿಳಿದಿರಿ: ಹಿಂದಿಯಲ್ಲಿ ಬಂದ ಪತ್ರಕ್ಕೆ ಕಚೇರಿ ಹಿಂದಿಯಲ್ಲೇ ಉತ್ತರ ಕೊಡಬೇಕು, ಮತ್ತು ಸಭೆಯ ಬಾಯಿಮಾತಿಗೆ ಈ 8ನೆಯ ನಿಯಮ ನೆರವಾಗದು. ಕನ್ನಡಕ್ಕೆ ಇದರಲ್ಲಿ ಜಾಗವೇ ಇಲ್ಲವಲ್ಲ ಎಂಬ ಸಂಕಟ ನನಗೂ ಇದೆ, ಅದನ್ನು ಇನ್ನೊಂದು ಸಂಚಿಕೆಯಲ್ಲಿ ಮಾತಾಡೋಣ.

ಒಂದು ಕಡೆ ಎಚ್ಚರ ಬೇಕು. ‘ಶಾಲೆಯಲ್ಲಿ ಹಿಂದಿ ಓದಿದವಳು’ ಎಂದಿದ್ದೀರಿ. ನಿಯಮಗಳಲ್ಲಿ ಹಿಂದಿ ‘ಪ್ರಾವೀಣ್ಯ’ ಬೇರೆ, ‘ಕಾರ್ಯಸಾಧಕ ಜ್ಞಾನ’ ಬೇರೆ. ಹತ್ತನೆಯ ತರಗತಿಯಲ್ಲಿ ಹಿಂದಿ ಒಂದು ವಿಷಯವಾಗಿದ್ದರೆ ಅದು ಎರಡನೆಯದು. ಹಿಂದಿ ಮಾಧ್ಯಮದಲ್ಲಿ ಓದಿದ್ದರೆ, ಪದವಿಯಲ್ಲಿ ಹಿಂದಿಯನ್ನು ಐಚ್ಛಿಕವಾಗಿ ತೆಗೆದುಕೊಂಡಿದ್ದರೆ, ಅಥವಾ ‘ನನಗೆ ಪ್ರಾವೀಣ್ಯವಿದೆ’ ಎಂದು ನೀವೇ ಘೋಷಿಸಿಕೊಂಡಿದ್ದರೆ ಅದು ಮೊದಲನೆಯದು. ಟಿಪ್ಪಣಿಯನ್ನು ಹಿಂದಿಯಲ್ಲೇ ಬರೆಯಬೇಕೆಂದು ಸರ್ಕಾರ ಕೆಲವು ಕಚೇರಿಗಳಿಗೆ ಆದೇಶ ಕೊಡಬಹುದು, ಆದರೆ ಅದು ಪ್ರಾವೀಣ್ಯ ಉಳ್ಳವರಿಗೆ ಮಾತ್ರ. ಕೆಲಸಕ್ಕೆ ಸೇರಿದ ಹುರುಪಿನಲ್ಲಿ ಅನೇಕರು ಘೋಷಣೆಯ ನಮೂನೆಯನ್ನು ಓದದೆಯೇ ‘ಪ್ರಾವೀಣ್ಯ’ ಎಂಬ ಸಾಲಿಗೆ ಗುರುತು ಹಾಕಿರುತ್ತಾರೆ. ನಿಮ್ಮ ಸೇವಾ ಕಡತದಲ್ಲಿ ಯಾವ ಸಾಲಿಗೆ ಗುರುತು ಬಿದ್ದಿದೆ ಎಂದು ಈ ವಾರವೇ ನೋಡಿ. ತಪ್ಪಿದ್ದರೆ ತಿದ್ದಿಕೊಡಿ ಎಂದು ಅರ್ಜಿ ಬರೆಯಿರಿ. ಆ ಅರ್ಜಿಯನ್ನೂ ಇಂಗ್ಲಿಷಿನಲ್ಲೇ ಕೊಡಬಹುದು; 7ನೆಯ ನಿಯಮ ಅದಕ್ಕೇ ಇದೆ.

— ಸಂಪಾದಕ