ಲಾರಿಗಿಂತ ಮೊದಲು ಲಿಫ್ಟ್

ಓದುಗರ ಪತ್ರ: ಮುಂದಿನ ತಿಂಗಳು ಮಾರತ್ತಹಳ್ಳಿಯ ಬಾಡಿಗೆ ಫ್ಲ್ಯಾಟ್ ಬಿಟ್ಟು ಕನಕಪುರ ರಸ್ತೆಯ ಒಂದು ಗೇಟೆಡ್ ಅಪಾರ್ಟ್‌ಮೆಂಟಿನ 9ನೇ ಮಹಡಿಗೆ ಬಾಡಿಗೆಗೆ ಹೋಗುತ್ತಿದ್ದೇವೆ. ಎರಡು ಬೆಡ್‌ರೂಮಿನ ಮನೆ. ಶುಕ್ರವಾರ ದಿನ ಚೆನ್ನಾಗಿದೆ, ಬೆಳಗಿನ ಜಾವ ಹಾಲು ಉಕ್ಕಿಸಬೇಕು ಅಂತ ಅತ್ತೆ ಹೇಳಿದ್ದಾರೆ. ಅಲ್ಲಿಯ ಆಫೀಸಿನವರು ಸರ್ವಿಸ್ ಲಿಫ್ಟ್ ಬುಕ್ ಮಾಡಿ, 10ರಿಂದ 1 ಇಲ್ಲವೇ 2ರಿಂದ 5 ಮಾತ್ರ, ಗೇಟ್ ಪಾಸ್ ಬೇಕು, ಡೆಪಾಸಿಟ್ ಕಟ್ಟಿ ಅಂತಾರೆ. ಹಳೇ ಅಪಾರ್ಟ್‌ಮೆಂಟಿನಲ್ಲೂ ಸಾಮಾನು ಇಳಿಸಲು ಬೆಳಿಗ್ಗೆ 10ರ ಮೇಲೇ ಬಿಡೋದು. ಹೋದ ಸಲ ಮನೆ ಬದಲಿಸಿದ ದಿನವೇ ಪಕ್ಕದವರ ಜೊತೆ ಮುನಿಸಾಯಿತು. ಈ ಸಲ ಎಲ್ಲಿಂದ ಶುರು ಮಾಡಲಿ?
– ಒಬ್ಬ ಓದುಗಿ, ಬೆಂಗಳೂರು

ಸಂಪಾದಕರ ಉತ್ತರ:

ಹಳೇ ಮನೆಯಿಂದ ಶುರು ಮಾಡಿ. ಎಲ್ಲರೂ ಮೊದಲು ಲಾರಿಯವರಿಗೆ ಫೋನ್ ಮಾಡಿ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಆಮೇಲೆ ಲಿಫ್ಟ್ ಕೇಳಲು ಹೋಗುತ್ತಾರೆ. ನಿಮಗಂತೂ ಎರಡು ಕಡೆ ಎರಡು ಲಿಫ್ಟ್, ನಡುವೆ ಔಟರ್ ರಿಂಗ್ ರೋಡ್. ಲೆಕ್ಕ ಹಾಕಿ ನೋಡಿ. ಮಾರತ್ತಹಳ್ಳಿಯಲ್ಲಿ 10ಕ್ಕೆ ಇಳಿಸಲು ಶುರು ಮಾಡಿದರೆ ಎರಡು ಬೆಡ್‌ರೂಮಿನ ಸಾಮಾನು ಲಾರಿಗೆ ಏರುವಷ್ಟರಲ್ಲಿ ಒಂದು ಗಂಟೆ ಆಗಿರುತ್ತದೆ. ಸಾಮಾನು ತುಂಬಿದ ಲಾರಿ ಸಿಲ್ಕ್ ಬೋರ್ಡ್ ದಾಟಿ ಕನಕಪುರ ರಸ್ತೆ ಸೇರಲು ಒಂದೂವರೆ ಗಂಟೆಯಾದರೂ ಬೇಕು. ಅಲ್ಲಿಗೆ 2ರಿಂದ 5ರ ಸ್ಲಾಟಿನಲ್ಲಿ ಅರ್ಧ ಗಂಟೆ ಹೋಯಿತು. ಇನ್ನು ಗೇಟಿನಲ್ಲಿ ತಡವಾದರೆ, ಮಳೆ ಬಂದರೆ ಕೇಳೋದೇ ಬೇಡ. ಅದರ ಜೊತೆಗೆ ಅದೇ ದಿನ ಬೆಳಗಿನ ಜಾವ ಹೊಸ ಮನೆಯಲ್ಲಿ ಹಾಲು ಉಕ್ಕಿಸಿ, ಮತ್ತೆ ಮಾರತ್ತಹಳ್ಳಿಗೆ ಓಡಿ ಬರಬೇಕು. ಆಗದ ಮಾತು.

ಹಾಗಾಗಿ ಎರಡು ದಿನ ಮಾಡಿಕೊಳ್ಳಿ. ಗುರುವಾರ ಹಳೇ ಮನೆಯಲ್ಲಿ ಪ್ಯಾಕ್ ಮಾಡಿಸಿ ಲಾರಿಗೆ ತುಂಬಿಸಿ. ರಾತ್ರಿ ಲಾರಿ ತುಂಬಿದ ಹಾಗೇ ಮೂವರ್ಸ್‌ನವರ ಯಾರ್ಡಿನಲ್ಲಿ ನಿಲ್ಲಲಿ. ಇದಕ್ಕೆ ಒಂದು ರಾತ್ರಿಯ ಬಾಡಿಗೆ ಅಂತ ಬೇರೆ ಕೇಳುತ್ತಾರೆ, ಮೊದಲೇ ಮಾತಾಡಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಚಿನ್ನ, ಕಾಗದಪತ್ರ, ಲ್ಯಾಪ್‌ಟಾಪ್, ಮಾತ್ರೆ, ಎರಡು ದಿನದ ಬಟ್ಟೆ ನಿಮ್ಮ ಕೈಯಲ್ಲೇ ಇರಲಿ. ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ಲಾರಿ ಹೊಸ ಗೇಟಿಗೆ ಬರಲಿ.

ಬೆಳಗಿನ 10ರ ಸ್ಲಾಟ್ ಯಾಕೆ ಬೇಡ ಅಂತೀರಾ? ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ನೀವು ನಂಬದಿದ್ದರೂ ಅತ್ತೆ ಗಡಿಯಾರ ನೋಡುತ್ತಾ ನಿಂತಿರುತ್ತಾರೆ, ಹಮಾಲರು ಸುಮ್ನೆ ಕೂತಿರುತ್ತಾರೆ. 2ರ ಸ್ಲಾಟಿಗೆ ಈ ತಲೆನೋವಿಲ್ಲ. ಆದರೆ ನಿಮಗಿಂತ ಮುಂಚೆ 10ರ ಸ್ಲಾಟಿನಲ್ಲಿ ಯಾರಾದರೂ ಇದ್ದಾರಾ ಅಂತ ಆಫೀಸಿನಲ್ಲಿ ಕೇಳಿ. ಅವರದು ತಡವಾದರೆ ನಿಮ್ಮದೂ ತಡ.

ಹಾಲು ಉಕ್ಕಿಸಲು ಲಿಫ್ಟ್ ಬುಕಿಂಗ್ ಬೇಕಿಲ್ಲ. ದೇವರ ಫೋಟೋ, ದೀಪ, ಪಾತ್ರೆ, ಹಾಲು, ಒಂದು ಇಂಡಕ್ಷನ್ ಒಲೆ, ಇಷ್ಟನ್ನು ಕಾರಿನಲ್ಲಿ ತಂದರೆ ಸಾಕು. ಪಾತ್ರೆ ಇಂಡಕ್ಷನ್‌ಗೆ ಕೂರುವಂಥದ್ದಾ ಅಂತ ಹಿಂದಿನ ದಿನವೇ ನೋಡಿಕೊಳ್ಳಿ. ಹಿತ್ತಾಳೆ ಪಾತ್ರೆ ಇಟ್ಟರೆ ಒಲೆ ಹತ್ತುವುದಿಲ್ಲ. ಕೀಲಿ ಗುರುವಾರವೇ ಕೈಗೆ ಬಂದಿರಬೇಕು. ಬೆಳಗಿನ ಜಾವ ಐದಕ್ಕೆ ಗೇಟಿನಲ್ಲಿ ಇರೋದು ರಾತ್ರಿ ಪಾಳಿಯ ಸೆಕ್ಯೂರಿಟಿ. ಹಗಲು ಆಫೀಸಿನವರಿಗೆ ಹೇಳಿದ್ದು ಅವರವರೆಗೆ ಮುಟ್ಟಿರುವುದಿಲ್ಲ. ಬರುವ ನೆಂಟರ ಹೆಸರು, ಕಾರಿನ ನಂಬರ್ ಎಲ್ಲ ರಾತ್ರಿಯೇ ಹಾಕಿಡಿ.

ಈಗ ಗೇಟಿನ ಮಾತು. ಹೆಚ್ಚಿನ ಜಗಳ ಹುಟ್ಟುವುದು ಇಲ್ಲೇ, ಅದರಲ್ಲಿ ಸೆಕ್ಯೂರಿಟಿಯವರ ತಪ್ಪು ಕಡಿಮೆ. ಮೈಗೇಟ್ ತರಹದ ಆ್ಯಪ್ ಇರುವ ಕಡೆ ಮನೆ ಮಾಲೀಕರು ನಿಮ್ಮನ್ನು ಬಾಡಿಗೆದಾರರೆಂದು ಸೇರಿಸಿ, ಆಫೀಸಿನವರು ಒಪ್ಪುವವರೆಗೆ ಗೇಟಿನ ಮಟ್ಟಿಗೆ ನೀವು ಆ ಮನೆಯವರೇ ಅಲ್ಲ. ಹಿಂದೆ ಇದ್ದವರ ಹೆಸರು ತೆಗೆಯದೇ ಇದ್ದರೆ ಇನ್ನೂ ಚೆಂದ. ನಿಮ್ಮ ಲಾರಿ ಬಂದಾಗ ಗಾರ್ಡ್ ಫ್ಲ್ಯಾಟ್ ನಂಬರ್ ಒತ್ತುತ್ತಾರೆ, ಒಪ್ಪಿಗೆ ಕೇಳುವ ಕರೆ ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ಹಳೇ ಬಾಡಿಗೆದಾರರಿಗೆ ಹೋಗುತ್ತದೆ. ಅವರು "ನಾವೇನೂ ತರಿಸಿಲ್ಲ" ಅಂತ ಬೇಡ ಒತ್ತುತ್ತಾರೆ. ಲಾರಿ ಹೊರಗೇ ನಿಲ್ಲುತ್ತದೆ. ಇದನ್ನು ಮುಂಚೆಯೇ ಪರೀಕ್ಷಿಸೋದು ಸುಲಭ. ಒಂದು ವಾರ ಮೊದಲು ಮನೆ ಅಳತೆ ತೆಗೆಯಲು ಹೋಗುವಾಗ ಗೇಟಿನಲ್ಲಿ ನಿಮ್ಮ ಫ್ಲ್ಯಾಟ್ ನಂಬರ್ ಹೇಳಿ. ಕರೆ ನಿಮ್ಮ ಫೋನಿಗೆ ಬಂತಾ, ಸರಿ. ಬರಲಿಲ್ವಾ, ಮಾಲೀಕರಿಗೆ ಅಲ್ಲಿಂದಲೇ ಫೋನ್ ಮಾಡಿ.

ಕಾಗದಪತ್ರ ಸಾಮಾನ್ಯವಾಗಿ ಕೇಳುವುದು ಬಾಡಿಗೆ ಕರಾರಿನ ಪ್ರತಿ, ಎಲ್ಲರ ಗುರುತಿನ ಚೀಟಿ, ಫೋಟೋ, ಮಾಲೀಕರ ಒಪ್ಪಿಗೆ ಪತ್ರ. ಕೆಲವು ಕಡೆ ಪೊಲೀಸ್ ವೆರಿಫಿಕೇಷನ್ ಅರ್ಜಿಯ ರಸೀದಿ ಕೂಡ ಬೇಕು. ಮಾಲೀಕರು ಮೇಂಟೆನೆನ್ಸ್ ಬಾಕಿ ಇಟ್ಟಿದ್ದರೆ ಒಪ್ಪಿಗೆ ಅಲ್ಲೇ ನಿಲ್ಲಬಹುದು. ಅದು ನಿಮಗೆ ಗೊತ್ತಾಗುವುದು ಕೊನೇ ದಿನ. ಆದ್ದರಿಂದ ಈಗಲೇ ಕೇಳಿ, ಸಂಕೋಚ ಬೇಡ. ಹಳೇ ಕಡೆಯೂ ಅಷ್ಟೇ, ಅಲ್ಲಿಯ ಮಾಲೀಕರು ಒಪ್ಪಿದ್ದಾರೆ ಅಂತ ಕಾಗದ ಸಿಗದೇ ಸಾಮಾನು ಗೇಟು ದಾಟುವುದಿಲ್ಲ.

ಪಾಸಿನಲ್ಲಿ ಲಾರಿ ನಂಬರ್, ಡ್ರೈವರ್ ಹೆಸರು, ಹಮಾಲರು ಎಷ್ಟು ಜನ ಅಂತ ಬರೆಸಬೇಕು. ಮೂವರ್ಸ್‌ನವರು ಒಂದು ನಂಬರ್ ಕೊಟ್ಟು ಬೇರೆ ಗಾಡಿ ಕಳಿಸುವುದು ದಿನನಿತ್ಯದ ಕಥೆ. ನಿಮ್ಮದು ಹಿಂದಿನ ದಿನವೇ ತುಂಬಿದ ಲಾರಿ, ಹಾಗಾಗಿ ನಂಬರ್ ಪ್ಲೇಟಿನ ಫೋಟೋ ತೆಗೆದು ಗುರುವಾರ ಸಂಜೆಯೇ ಆಫೀಸಿಗೆ ಕಳಿಸಿ. ಲಾರಿ ಎಲ್ಲಿ ನಿಲ್ಲುತ್ತದೆ ಅಂತಲೂ ನೋಡಿ ಬನ್ನಿ. ನಿಮ್ಮ ಸಾಮಾನಿಗೆ 14 ಅಡಿಯ ಗಾಡಿ ಬೇಕಾಗಬಹುದು, ಅದು ಬೇಸ್‌ಮೆಂಟಿಗೆ ಇಳಿಯುವ ಮಾತೇ ಇಲ್ಲ. ಮೇಲೆ ನಿಲ್ಲಿಸುವ ಜಾಗದಿಂದ ಸರ್ವಿಸ್ ಲಿಫ್ಟಿಗೆ ದೂರ ಜಾಸ್ತಿ ಇದ್ದರೆ ಟ್ರಾಲಿ ತರಲು ಹೇಳಿ.

ಇನ್ನು ಲಿಫ್ಟ್. ಒಳಗೆ 13 ಜನ, 884 ಕೆಜಿ ಅಂತ ಬರೆದಿರಬಹುದು. ತಲೆಗೆ 68 ಕೆಜಿ ಲೆಕ್ಕ ಅದು. ತೂಕ ನಿಮಗೆ ತೊಂದರೆ ಕೊಡುವುದಿಲ್ಲ. ಕೊಡುವುದು ಅಳತೆ. ಟೇಪ್ ತಗೊಂಡು ಹೋಗಿ ಬಾಗಿಲಿನ ಅಗಲ, ಎತ್ತರ, ಒಳಗಿನ ಆಳ, ಮೂರನ್ನೂ ಬರೆದುಕೊಳ್ಳಿ. ಬಾಗಿಲು 80 ಅಥವಾ 90 ಸೆಂಟಿಮೀಟರ್ ಇರುವುದು ಸಾಮಾನ್ಯ. ಫ್ರಿಜ್, ವಾಷಿಂಗ್ ಮಷಿನ್ ಸಲೀಸಾಗಿ ಹೋಗುತ್ತವೆ. ಸಿಕ್ಕಿಹಾಕಿಕೊಳ್ಳುವುದು ಮೂರು ಸೀಟಿನ ಸೋಫಾ ಮತ್ತು ಕಿಂಗ್ ಸೈಜ್ ಹಾಸಿಗೆ. ಆರೂವರೆ ಅಡಿಗೆ ಆರಡಿ ಹಾಸಿಗೆಯನ್ನು ಹೇಗೆ ನಿಲ್ಲಿಸಿದರೂ ಒಂದು ಕಡೆ ಆರಡಿ ಉಳಿಯುತ್ತದೆ. ಫೋಮ್ ಆದರೆ ಬಗ್ಗಿಸಿ ಹಗ್ಗ ಕಟ್ಟಿ ತೂರಿಸಬಹುದು. ಸ್ಪ್ರಿಂಗ್ ಹಾಸಿಗೆ ಬಗ್ಗುವುದಿಲ್ಲ, ಒಂಬತ್ತು ಮಹಡಿ ಮೆಟ್ಟಿಲೇ ಗತಿ. ಮೆಟ್ಟಿಲಲ್ಲಿ ಹೊತ್ತರೆ ಮಹಡಿಗೆ ಇಷ್ಟು ಅಂತ ಕೂಲಿ. ಅದನ್ನೂ ಗುರುವಾರವೇ ಮಾತಾಡಿ, 5ನೇ ಮಹಡಿಯ ತಿರುವಿನಲ್ಲಿ ಚೌಕಾಸಿ ಬೇಡ.

ಮೂರು ಗಂಟೆ ಸಾಕಾಗುತ್ತದಾ? ನಿಮ್ಮ ಮನೆಯಲ್ಲಿ ಡಬ್ಬಗಳು ಐವತ್ತು ಅಂತಿಟ್ಟುಕೊಳ್ಳೋಣ. ಒಂದು ಸುತ್ತಿಗೆ ಹತ್ತರಂತೆ ಐದು ಸುತ್ತು. ಬಿಚ್ಚಿದ ಮಂಚ, ಸೋಫಾ, ಅಲ್ಮೇರಾ, ಹಾಸಿಗೆ, ಫ್ರಿಜ್, ಮಷಿನ್, ಟೇಬಲ್ ಸೇರಿ ಇನ್ನೊಂದು ಹದಿಮೂರು. ಒಟ್ಟು ಹದಿನೆಂಟು. ತುಂಬಿ, ಏರಿ, ಇಳಿಸಿ, ಖಾಲಿ ಲಿಫ್ಟ್ ಕೆಳಗೆ ಬರಲು ಏಳೆಂಟು ನಿಮಿಷ. ಎರಡು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು ಮುಗಿಯಬೇಕು. ಈ ಲೆಕ್ಕ ನಿಲ್ಲುವುದು ಲಿಫ್ಟ್ ನಡುವೆ ಎಲ್ಲೂ ನಿಲ್ಲದಿದ್ದರೆ ಮಾತ್ರ. ಹಲವು ಲಿಫ್ಟುಗಳಲ್ಲಿ ಕೀಲಿ ತಿರುಗಿಸಿದರೆ ಇಂಡಿಪೆಂಡೆಂಟ್ ಮೋಡ್ ಬರುತ್ತದೆ. ಆಗ ಹೊರಗೆ ಯಾರು ಬಟನ್ ಒತ್ತಿದರೂ ಅದು ನಿಲ್ಲುವುದಿಲ್ಲ, ಒಳಗಿದ್ದವರು ಹೇಳಿದ ಕಡೆಗೇ ಹೋಗುತ್ತದೆ. ಬುಕ್ ಮಾಡುವಾಗಲೇ "ಕೀಲಿ ಹಾಕಿಕೊಡುತ್ತೀರಾ" ಅಂತ ಫೆಸಿಲಿಟಿ ಮ್ಯಾನೇಜರನ್ನು ಕೇಳಿ. ಇಲ್ಲದಿದ್ದರೆ ಹಮಾಲರು ಬಾಗಿಲಿಗೆ ಡಬ್ಬ ಅಡ್ಡ ಇಟ್ಟು ನಿಲ್ಲಿಸುತ್ತಾರೆ. ಸ್ವಲ್ಪ ಹೊತ್ತಿಗೆ ಬಾಗಿಲು ಕಿರುಚಲು ಶುರು ಮಾಡುತ್ತದೆ, ಆಮೇಲೆ ಲಿಫ್ಟೇ ಕೆಟ್ಟು ನಿಲ್ಲಬಹುದು. ಆಗ ಡೆಪಾಸಿಟ್ ಮರೆತುಬಿಡಿ.

ದೊಡ್ಡ ಸಾಮಾನು ಮೊದಲು ಏರಲಿ. ಮೂರೂವರೆಗೆ ಲಾರಿ ಅರ್ಧ ಖಾಲಿಯಾಗಿರಬೇಕು. ಆಗಿಲ್ಲವಾ, ಆಗಲೇ ಆಫೀಸಿಗೆ ಫೋನ್ ಮಾಡಿ ಇನ್ನರ್ಧ ಗಂಟೆ ಕೇಳಿ. ಐದು ಹೊಡೆದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ. ಶಾಲೆ ಮಕ್ಕಳು, ಸಂಜೆ ಕೆಲಸದವರು ಆ ಹೊತ್ತಿಗೇ ಬರುತ್ತಾರೆ. ಬೆಳಿಗ್ಗೆ 10ಕ್ಕೆ ಮುಂಚೆ ಸ್ಲಾಟ್ ಕೊಡದಿರುವುದಕ್ಕೂ ಕಾರಣವಿದೆ. ಆಗ ಅದೇ ಲಿಫ್ಟಿನಲ್ಲಿ ಕಸದ ಡ್ರಮ್ಮು, ನೀರಿನ ಕ್ಯಾನು ಓಡಾಡುತ್ತಿರುತ್ತವೆ.

ಪಕ್ಕದವರ ವಿಷಯ. ಮುನಿಸಿಗೆ ಕಾರಣ ಏನೆಂದು ನೀವು ಬರೆದಿಲ್ಲ, ಆದರೆ ಹತ್ತರಲ್ಲಿ ಎಂಟು ಸಲ ಅದು ಕಾರಿಡಾರ್. ಲಿಫ್ಟಿನಿಂದ ಬಂದದ್ದನ್ನು ಹಮಾಲರು ಎದುರು ಮನೆ ಬಾಗಿಲ ಮುಂದೆಯೇ ಪೇರಿಸುತ್ತಾರೆ, ರಂಗೋಲಿ ಮೇಲೆ ಸೋಫಾ ಕಾಲು ಊರುತ್ತದೆ. ಅದಕ್ಕೇ ಮನೆಯೊಳಗೆ ಒಬ್ಬರು ನಿಂತು ಯಾವುದು ಯಾವ ಕೋಣೆಗೆ ಅಂತ ಹೇಳುತ್ತಿರಬೇಕು. ಅದು ನೀವೇ ಆಗಿ, ಲಾರಿ ಹತ್ತಿರ ಯಜಮಾನರು ನಿಲ್ಲಲಿ. ಡಬ್ಬದ ಮೇಲೆ ಕೋಣೆ ಹೆಸರು ದಪ್ಪಗೆ ಬರೆದಿದ್ದರೆ ಕೂಗುವುದೂ ಕಮ್ಮಿ. ಬೆಳಿಗ್ಗೆ ಹಾಲು ಉಕ್ಕಿಸಿದ ಮೇಲೆ ಆ ಮಹಡಿಯ ಮನೆಗಳಿಗೂ, ಕೆಳಗಿನ ಮನೆಗೂ ಸಿಹಿ ಕೊಟ್ಟು "ಮಧ್ಯಾಹ್ನ ಎರಡರಿಂದ ಐದರವರೆಗೆ ಸ್ವಲ್ಪ ಸದ್ದು" ಅಂತ ಹೇಳಿಬನ್ನಿ. ಪುಟ್ಟ ಮಗು ಮಲಗುವ ಹೊತ್ತೋ, ಹುಷಾರಿಲ್ಲದವರೋ ಇದ್ದರೆ ಆಗಲೇ ಗೊತ್ತಾಗುತ್ತದೆ. ಮೆಟ್ಟಿಲ ಬಾಗಿಲಿಗೆ ಮಾತ್ರ ಏನೂ ಅಡ್ಡ ಇಡಬೇಡಿ. ಬೆಂಕಿ ಬಿದ್ದರೆ ಎಲ್ಲರೂ ಓಡುವ ದಾರಿ ಅದು.

ಗೋಡೆಗೆ ಡ್ರಿಲ್ ಅದೇ ದಿನ ಬೇಡ. ಟಿವಿ, ಪರದೆ ಕಂಬಿ, ಆಕ್ವಾಗಾರ್ಡ್ ಎಲ್ಲಕ್ಕೂ ಒಬ್ಬನೇ ಕಾರ್ಪೆಂಟರನ್ನು ಮುಂದಿನ ವಾರ ಒಂದೇ ಬೆಳಿಗ್ಗೆ ಕರೆಸಿ. ಮಧ್ಯಾಹ್ನ ಮತ್ತು ಭಾನುವಾರ ಡ್ರಿಲ್ಲಿಗೆ ಬಿಡದ ಅಪಾರ್ಟ್‌ಮೆಂಟುಗಳೇ ಜಾಸ್ತಿ.

ಡೆಪಾಸಿಟ್ ವಾಪಸ್ ಬರುವಂಥದ್ದಾ, ಸುಮ್ನೆ ಶುಲ್ಕವಾ ಅಂತ ರಸೀದಿಯಲ್ಲಿ ನೋಡಿ. ಶುಲ್ಕವಾದರೆ ನೀವು ಕೊಡಬೇಕೋ ಮಾಲೀಕರೋ ಅಂತ ಕರಾರು ಬರೆಯುವಾಗಲೇ ತೀರ್ಮಾನವಾಗಲಿ. ವಾಪಸ್ ಬರುವಂಥದ್ದಾದರೆ ಎರಡು ಗಂಟೆಗೆ ಗಾರ್ಡ್ ಎದುರಿಗೇ ಲಿಫ್ಟಿನ ನಾಲ್ಕು ಗೋಡೆ, ಕನ್ನಡಿ, ನೆಲ, ಲಾಬಿಯ ಗ್ರಾನೈಟ್ ಮೂಲೆಗಳ ಫೋಟೋ ತೆಗೆಯಿರಿ. ಕೊನೇ ಸುತ್ತು ಮುಗಿದ ಮೇಲೆ ಅದೇ ಜಾಗಗಳದ್ದು ಇನ್ನೊಮ್ಮೆ. ಹಮಾಲರಿಗೆ ಬಾಕಿ ದುಡ್ಡು ಕೊಡುವುದು ಅದಾದ ಮೇಲೆ. ಖಾಲಿ ಡಬ್ಬ, ಥರ್ಮೋಕೋಲ್, ಬಬಲ್ ಶೀಟ್ ಎಲ್ಲ ಅವರ ಲಾರಿಯಲ್ಲೇ ವಾಪಸ್ ಹೋಗಲಿ. ಬಿಚ್ಚಲು ಎರಡು ದಿನ ಬೇಕಾಗುವ ಡಬ್ಬಗಳಿದ್ದರೆ ಒಣಕಸ ಯಾವ ದಿನ ಒಯ್ಯುತ್ತಾರೆ ಅಂತ ಹೌಸ್‌ಕೀಪಿಂಗ್‌ನವರನ್ನು ಕೇಳಿ. ಅಲ್ಲಿಯವರೆಗೆ ಚಪ್ಪಟೆ ಮಾಡಿ ನಿಮ್ಮ ಬಾಲ್ಕನಿಯಲ್ಲಿ ಇಟ್ಟುಕೊಳ್ಳಿ.